ವಿಷಯ: ಫೆಬ್ರುವರಿ 6ರ ಡೆಮೊ ದಿನ ಉತ್ತರಿಸದೆ ಉಳಿದ ಎರಡು ಪ್ರಶ್ನೆಗಳು

ಫೆಬ್ರುವರಿ 27

ಮಾನ್ಯ ಕಾರ್ಯದರ್ಶಿಯವರಿಗೆ,

ನಮಸ್ಕಾರಗಳು.

ತಮ್ಮ ಹಾಲು ಉತ್ಪಾದಕರ ಸಂಘದಲ್ಲಿ ನಮ್ಮ ಹಾಲು ಶೇಖರಣಾ ತಂತ್ರಾಂಶದ ಡೆಮೊ ತೋರಿಸಲು ಅವಕಾಶ ಕೊಟ್ಟಿದ್ದಕ್ಕೆ ಮತ್ತೊಮ್ಮೆ ಧನ್ಯವಾದಗಳು. ಆ ಬಳಿಕ ಒಮ್ಮೆ ಫೋನ್ ಮಾಡಿದ್ದೆ, ಒಂದು ವಾಟ್ಸಾಪ್ ಸಂದೇಶವನ್ನೂ ಕಳುಹಿಸಿದ್ದೆ. ಎರಡು ಹೊತ್ತಿನ ಹಾಲು, ಬಟವಾಡೆ, ಅದರ ಮೇಲೆ ವರ್ಷಾಂತ್ಯದ ಲೆಕ್ಕ, ಇವುಗಳ ನಡುವೆ ತಮಗೆ ಬಿಡುವು ಸಿಗುವುದು ಕಷ್ಟವೆಂದು ಬಲ್ಲೆ. ಈ ಪತ್ರವನ್ನು ತಮ್ಮ ನಿರ್ಧಾರ ಕೇಳಲು ಬರೆಯುತ್ತಿಲ್ಲ. ಅಂದು ನಾನು ಸರಿಯಾಗಿ ಉತ್ತರಿಸದೆ ಬಂದ ಎರಡು ಪ್ರಶ್ನೆಗಳು ಬಾಕಿ ಇವೆ.

ಅಂದು ಸಂಜೆ 4.2 ಲೀಟರ್ ಹಾಲು ಹಾಕಿದ ಅಜ್ಜಿಯೊಬ್ಬರು ನಮ್ಮ ಯಂತ್ರದಿಂದ ಬಂದ ಚೀಟಿಯನ್ನು ದೀಪದ ಕೆಳಗೆ ಹಿಡಿದು ನೋಡಿ, ಓದಲಾಗದೆ ಹಿಂದೆ ನಿಂತಿದ್ದ ಹುಡುಗನ ಕೈಗೆ ಕೊಟ್ಟರು. "ಹಾಲು ಹಾಕೋರಿಗೇ ಓದೋಕಾಗದ ಚೀಟಿ ಯಾಕೆ?" ಎಂದು ತಾವು ಕೇಳಿದ್ದು ನ್ಯಾಯವಾಗಿತ್ತು. ಈಗ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಮತ್ತು ಹಣ, ಈ ನಾಲ್ಕು ಮಾತ್ರ ದಪ್ಪ ಕನ್ನಡ ಅಕ್ಷರಗಳಲ್ಲಿ ಬರುವಂತೆ ಚೀಟಿಯನ್ನು ಬದಲಾಯಿಸಿದ್ದೇವೆ. ಅದರ ಮಾದರಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ತಾವು ನಮ್ಮ ತಂತ್ರಾಂಶ ಕೊಳ್ಳಲಿ, ಬಿಡಲಿ, ಆ ಅಜ್ಜಿಗೆ ಒಮ್ಮೆ ಅದನ್ನು ತೋರಿಸಿ ಓದಲಾಗುತ್ತದೆಯೇ ಎಂದು ಕೇಳಿದರೆ ನನಗೆ ದೊಡ್ಡ ಉಪಕಾರವಾಗುತ್ತದೆ.

ಪಶು ಆಹಾರದ ಬಾಕಿಯನ್ನು ಒಂದೇ ಬಟವಾಡೆಯಲ್ಲಿ ಮುರಿಯದೆ ಕಂತುಗಳಲ್ಲಿ ಮುರಿದುಕೊಳ್ಳಬಹುದೇ ಎಂಬುದು ಎರಡನೆಯ ಪ್ರಶ್ನೆ. ಮುರಿದುಕೊಳ್ಳಬಹುದು, ಪ್ರತಿ ಸದಸ್ಯರಿಗೂ ಬೇರೆ ಬೇರೆ ಮೊತ್ತವನ್ನು ನಿಗದಿಪಡಿಸಲು ಬರುತ್ತದೆ. ಆದರೆ 186 ಸದಸ್ಯರ ಹಳೆಯ ಬಾಕಿಯನ್ನು ಮೊದಲ ಸಲ ಲೆಡ್ಜರ್ ನೋಡಿ ಕೈಯಿಂದಲೇ ತುಂಬಬೇಕಾಗುತ್ತದೆ, ಅದಕ್ಕೆ ಒಂದು ಪೂರ್ತಿ ದಿನ ಹಿಡಿಯುತ್ತದೆ. ತಮ್ಮ ಈಗಿನ ತೂಕದ ಯಂತ್ರಕ್ಕೆ ಕಂಪ್ಯೂಟರ್ ಜೋಡಿಸುವ ವ್ಯವಸ್ಥೆ ಇಲ್ಲದ ಕಾರಣ ತೂಕವನ್ನೂ ಟೈಪ್ ಮಾಡಬೇಕು. ಇದನ್ನು ಅಂದೇ ಸ್ಪಷ್ಟವಾಗಿ ಹೇಳಬೇಕಿತ್ತು, ಹೇಳದಿದ್ದುದಕ್ಕೆ ಕ್ಷಮೆ ಇರಲಿ.

ಆಡಳಿತ ಮಂಡಳಿಯ ಒಪ್ಪಿಗೆ ಸಿಕ್ಕರೂ ಮಾರ್ಚ್ 31ರ ಒಳಗೆ ಪದ್ಧತಿ ಬದಲಾಯಿಸುವುದು ಬೇಡವೆಂದೇ ನನ್ನ ಅಭಿಪ್ರಾಯ. ಒಂದೇ ವರ್ಷದ ಲೆಕ್ಕ ಅರ್ಧ ಪುಸ್ತಕದಲ್ಲಿ, ಅರ್ಧ ಕಂಪ್ಯೂಟರಿನಲ್ಲಿ ಇದ್ದರೆ ಆಡಿಟ್ ವೇಳೆ ತೊಂದರೆಗೆ ಸಿಲುಕುವವರು ತಾವೇ. ಅಂದು ಹೇಳಿದ ದರ ಹಾಗೆಯೇ ಇರುತ್ತದೆ, ಅದಕ್ಕೆ ಗಡುವಿಲ್ಲ.

ಡೆಮೊಗಾಗಿ ತಾವು ಕೊಟ್ಟಿದ್ದ ಸದಸ್ಯರ ಪಟ್ಟಿಯನ್ನು ನಮ್ಮ ಕಂಪ್ಯೂಟರಿನಿಂದ ಅಳಿಸಿದ್ದೇನೆ. ತಂತ್ರಾಂಶ ಬೇಡವೆಂದು ತೀರ್ಮಾನವಾಗಿದ್ದರೆ "ಬೇಡ" ಎಂಬ ಒಂದು ಪದದ ಸಂದೇಶ ಸಾಕು, ಕಾರಣ ತಿಳಿಸಬೇಕಾಗಿಲ್ಲ. ಇನ್ನೂ ಯೋಚಿಸುತ್ತಿದ್ದರೆ ಉತ್ತರಿಸುವ ಅಗತ್ಯವೂ ಇಲ್ಲ. ತಾವಾಗಿ ಕರೆಯುವವರೆಗೆ ನಾನು ಮತ್ತೆ ಫೋನ್ ಮಾಡುವುದಿಲ್ಲ. ಕರೆದರೆ ಹಾಲು ಹಾಕುವ ಹೊತ್ತು ತಪ್ಪಿಸಿ, ಮಧ್ಯಾಹ್ನ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸವಿತಾ
ಗ್ರಾಹಕ ಸಂಪರ್ಕ ವಿಭಾಗ, ಹಾಸನ

ಲಗತ್ತು: ಹೊಸ ಚೀಟಿಯ ಮಾದರಿ