ಮೇನ್ ಡ್ರೈವ್ ಕೆಲಸ ಮೊದಲ ಪುಟಕ್ಕೆ ಬರಲಿ

ತಮ್ಮಾ,

ನಿನ್ನ ರೆಸ್ಯೂಮ್ ಎರಡು ಸಲ ಓದಿದೆ. ನೋಡಲು ನಿಜಕ್ಕೂ ಚೆನ್ನಾಗಿದೆ. ನೀಲಿ ಪಟ್ಟಿ, ದುಂಡನೆಯ ಫೋಟೊ, ಅಕ್ಷರಗಳ ಅಳತೆ ಎಲ್ಲವೂ ಹದವಾಗಿದೆ. ಆದರೆ ನೀನು ಕೇಳುತ್ತಿರುವುದು ತೋರಣಗಲ್ಲಿನಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ಶಿಫ್ಟ್ ಇನ್‌ಚಾರ್ಜ್ ಕೆಲಸ. ಆ ಕೆಲಸಕ್ಕೆ ನೀನೇ ಬೇಕು ಎನ್ನಿಸುವ ಸಂಗತಿ ಎರಡನೇ ಪುಟದ ತಳದಲ್ಲಿದೆ. 'ಇತರೆ ವಿವರ' ಅನ್ನೋ ತಲೆಬರಹದ ಕೆಳಗೆ, ತೆಳು ಬೂದು ಬಣ್ಣದಲ್ಲಿ, ಒಂದೇ ಸಾಲು: "ಕಿಲ್ನ್ ಶಟ್‌ಡೌನ್ ಕೆಲಸದಲ್ಲಿ ಭಾಗವಹಿಸಿದ್ದೇನೆ."

ಭಾಗವಹಿಸಿದ್ದಾ? ನಡೆಸಿದವನೇ ನೀನು ಅಲ್ವಾ!

ಇದನ್ನು ಮೊದಲ ಪುಟದಲ್ಲಿ, ಹೆಸರು ಮತ್ತು ಫೋನ್ ನಂಬರ್ ಆದ ತಕ್ಷಣ ಹಾಕು:

"ಎಲೆಕ್ಟ್ರಿಕಲ್ ಶಿಫ್ಟ್ ಇನ್‌ಚಾರ್ಜ್, ಸ್ಪಾಂಜ್ ಐರನ್ ಘಟಕ, ಗಿಣಿಗೇರಾ, ಕೊಪ್ಪಳ ಜಿಲ್ಲೆ, 2021ರಿಂದ. 2023ರ ಶಟ್‌ಡೌನ್‌ನಲ್ಲಿ ಕಿಲ್ನ್ ಮೇನ್ ಡ್ರೈವ್‌ನ ಹಳೆಯ ಡಿಸಿ ಮೋಟಾರ್ ತೆಗೆಸಿ ಎಸಿ ಮೋಟಾರ್ ಮತ್ತು ವಿಎಫ್‌ಡಿ ಕೂರಿಸಿದ 14 ಜನರ ತಂಡದ ಉಸ್ತುವಾರಿ. 9 ದಿನದಲ್ಲಿ ಕೆಲಸ ಮುಗಿದಿದೆ, ಅಪಘಾತವಿಲ್ಲ. 33 ಕೆವಿ ಸಬ್‌ಸ್ಟೇಷನ್‌ನಲ್ಲಿ ಲೈನ್ ಕ್ಲಿಯರ್ ಮತ್ತು ವರ್ಕ್ ಪರ್ಮಿಟ್ ಜವಾಬ್ದಾರಿ."

ಬಿಸಿ ಕಿಲ್ನ್ ತಿರುಗದೆ ನಿಂತರೆ ಶೆಲ್ ಸೊಟ್ಟಗಾಗುತ್ತದೆ. ಇದು ಗೊತ್ತಿರುವವರು ಇಂಟರ್‌ವ್ಯೂಗೆ ಕೂತರೆ ಕಿಲ್ನ್ ತಿರುಗಿಸುವ ಮೇನ್ ಡ್ರೈವ್ ಬಗ್ಗೆಯೇ ಕೇಳುತ್ತಾರೆ, ನಿನಗೆ ಬೇಕಾದ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ಕೊಟ್ಟ ಸೂಪರ್‌ವೈಸರ್ ಪರ್ಮಿಟ್ ಕೂಡ ಕ್ರಿಕೆಟ್, ಸಂಗೀತದ ಕೆಳಗೆ ಹೋಗಿ ಕೂತಿದೆ. ಅದನ್ನು ಡಿಪ್ಲೊಮಾ ಪಕ್ಕಕ್ಕೆ ತಾ. ಹವ್ಯಾಸ ತೆಗೆದುಬಿಡು.

ಎಡಗಡೆಯ ನೀಲಿ ಕಾಲಂ ಮೊದಲ ಪುಟದ ಮೂರನೇ ಒಂದು ಪಾಲು ನುಂಗಿದೆ. ಅದರಲ್ಲಿರುವುದು ಫೋಟೊ, ಭಾಷೆಗಳು, 'ಪಿಎಲ್‌ಸಿ 80%' ಅನ್ನೋ ಪಟ್ಟಿ. ಯಾವುದರಲ್ಲಿ 80? ಓದುವವರಿಗೆ ಏನೂ ತಿಳಿಯುವುದಿಲ್ಲ. ಯಾವ ಪಿಎಲ್‌ಸಿಯಲ್ಲಿ ಯಾವ ಫಾಲ್ಟ್ ಹುಡುಕಿ ಸರಿಮಾಡಿದೆ ಅಂತ ಒಂದು ಸಾಲು ಬರೆ, ಸಾಕು.

ಕೆಲವು ಕಂಪನಿಗಳಲ್ಲಿ ರೆಸ್ಯೂಮ್ ಮೊದಲು ಸಾಫ್ಟ್‌ವೇರ್‌ಗೆ ಹೋಗುತ್ತದೆ. ಎರಡು ಕಾಲಂ ಇದ್ದರೆ ಸಾಲುಗಳು ಕಲಸಿಹೋಗಬಹುದು. ನಿನ್ನ ಪಿಡಿಎಫ್‌ನ ಅಕ್ಷರಗಳನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದೆ. ನಿನ್ನ ಹುದ್ದೆಯ ಮಧ್ಯೆ 'ಕನ್ನಡ, ತೆಲುಗು, ಹಿಂದಿ' ಬಂದು ಕೂತಿತು. ಝೆರಾಕ್ಸ್ ತೆಗೆದೂ ನೋಡಿದೆ. ನೀಲಿ ಭಾಗ ಕಪ್ಪಾಗುತ್ತದೆ, ಬೂದು ಸಾಲು ಕಾಣುವುದೇ ಇಲ್ಲ. ವಾಕ್-ಇನ್‌ಗೆ ನೀನು ಒಯ್ಯುವುದು ಅದೇ ಪ್ರತಿ. ಒಂದೇ ಕಾಲಂ ಮಾಡು, ಅಕ್ಷರ ಕಪ್ಪಿರಲಿ. ನೀಲಿ ಇಷ್ಟವಾದರೆ ಹೆಸರಿನ ಕೆಳಗೆ ಒಂದು ಗೆರೆ ಇಟ್ಟುಕೋ.

ಒಂದು ವಿಷಯ ನೀನೇ ಹುಡುಕಬೇಕು. ವಿಎಫ್‌ಡಿ ಹಾಕಿದ ಮೇಲೆ ಮೇನ್ ಡ್ರೈವ್ ಟ್ರಿಪ್ ಆಗೋದು ಎಷ್ಟು ಕಡಿಮೆಯಾಯಿತು? ಶಿಫ್ಟ್ ಲಾಗ್‌ಬುಕ್‌ನಲ್ಲಿ ಇದ್ದರೆ ಆ ಅಂಕಿಯನ್ನೂ ಸೇರಿಸು, ಇಲ್ಲದಿದ್ದರೆ ಅಂದಾಜಿಗೆ ಬರೆಯಬೇಡ. ತಿದ್ದಿದ್ದನ್ನು ಶುಕ್ರವಾರ ಸಂಜೆಯೊಳಗೆ ಕಳಿಸು, ಇನ್ನೊಂದು ಸಲ ನೋಡಿಕೊಡುತ್ತೇನೆ.