12 ಲಕ್ಷದ ಮಾತು ಮುಂದಿನ ವರ್ಷಕ್ಕೆ: ದಾವಣಗೆರೆ ಆಡಿಟರ್ ಒಬ್ಬರ ರಿಟರ್ನ್ ಸೀಸನ್ ಪೋಸ್ಟ್‌ಗಳು

ಪೋಸ್ಟ್ 1 | ಜೂನ್ 2, 2025

ಜುಲೈ 31 ಅಲ್ಲ, ಸೆಪ್ಟೆಂಬರ್ 15. ಆಡಿಟ್ ಬೇಕಿಲ್ಲದವರು ಈ ಸಲ ಆದಾಯ ತೆರಿಗೆ ರಿಟರ್ನ್ ಹಾಕಲು ಇದೇ ಕೊನೇ ದಿನ ಅಂತ ಇಲಾಖೆ ಮೇ 27ಕ್ಕೆ ಹೇಳಿದೆ. ಫಾರ್ಮ್‌ಗಳಲ್ಲಿ ಬದಲಾವಣೆ ಜಾಸ್ತಿ, ಸಾಫ್ಟ್‌ವೇರ್ ರೆಡಿ ಆಗಬೇಕು, ಅದಕ್ಕೆ.

ಸುದ್ದಿ ಬಂದ ದಿನ ಸಂಜೆ ಮಂಡಿಪೇಟೆಯ ಒಬ್ಬ ವರ್ತಕರು ಫೋನ್ ಮಾಡಿದರು. "ಅಲ್ರೀ ಸರ್, ಇನ್ನೇನು ಅವಸರ ಬಿಡ್ರಿ, ಗಣಪತಿ ಹಬ್ಬ ಮುಗಿಸ್ಕೊಂಡು ಬರ್ತೀನಿ" ಅಂದರು. ಬರಲಿ. ಆದರೆ ಒಂದು ವಿಷಯ ಯಾರೂ ಹೇಳುತ್ತಿಲ್ಲ. ಮುಂದಕ್ಕೆ ಹೋಗಿದ್ದು ರಿಟರ್ನ್ ಹಾಕುವ ದಿನ ಮಾತ್ರ. ಬಡ್ಡಿಯ ಮೀಟರ್ ಓಡುತ್ತಲೇ ಇದೆ.

ಟಿಡಿಎಸ್ ಕಳೆದ ಮೇಲೂ ನಿಮ್ಮ ತೆರಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ವರ್ಷದೊಳಗೇ ಕಂತುಗಳಲ್ಲಿ ಕಟ್ಟಬೇಕಿದ್ದ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿಲ್ಲ ಅಂದುಕೊಳ್ಳಿ. ಏಪ್ರಿಲ್ 1ರಿಂದ ತಿಂಗಳಿಗೆ ಶೇಕಡ 1 ಬಡ್ಡಿ ಬೀಳುತ್ತದೆ. ಇದು ಕಾನೂನಿನ 234ಬಿ ಸೆಕ್ಷನ್. 40,000 ಬಾಕಿ ಇದ್ದರೆ ತಿಂಗಳಿಗೆ 400. ಈ ತಿಂಗಳು ಕಟ್ಟಿದರೆ 1,200, ಸೆಪ್ಟೆಂಬರ್‌ನಲ್ಲಿ ಕಟ್ಟಿದರೆ 2,400. ಜೊತೆಗೆ ಕಂತು ತಪ್ಪಿಸಿದ್ದಕ್ಕೆ 234ಸಿ ಬೇರೆ. 60 ದಾಟಿದ, ವ್ಯಾಪಾರ ಇಲ್ಲದ ಹಿರಿಯರಿಗೆ ಈ ಅಡ್ವಾನ್ಸ್ ಟ್ಯಾಕ್ಸಿನ ಗೊಡವೆ ಇಲ್ಲ.

ಹಾಗಾಗಿ ಲೆಕ್ಕ ಈಗಲೇ ಹಾಕಿಸಿ, ತೆರಿಗೆ ಈಗಲೇ ಕಟ್ಟಿ. ರಿಟರ್ನ್ ಆಮೇಲೆ ಹಾಕಿದರಾಯಿತು.

ಇನ್ನೊಂದು ಮಾತು. ನಮ್ಮ ಸಂಸ್ಥೆಯ ನಿಯಮದ ಪ್ರಕಾರ ಸಿಎಗಳು ಜಾಹೀರಾತು ಕೊಡುವ ಹಾಗಿಲ್ಲ, "ನನ್ನ ಹತ್ತಿರ ಬನ್ನಿ" ಅಂತ ಕರೆಯುವ ಹಾಗೂ ಇಲ್ಲ. ಅದಕ್ಕೇ ಇಲ್ಲಿ ಫೋನ್ ನಂಬರ್ ಇಲ್ಲ, ಫೀಸಿನ ಪಟ್ಟಿ ಇಲ್ಲ. ಗೊತ್ತಿರುವುದನ್ನು ಬರೆಯುತ್ತೇನೆ. ಅನುಮಾನ ಇದ್ದರೆ ಕೆಳಗೆ ಕೇಳಿ, ಸಂಜೆ 7ರ ಮೇಲೆ ಉತ್ತರ ಕೊಡುತ್ತೇನೆ.

ಪೋಸ್ಟ್ 2 | ಜೂನ್ 18

"12 ಲಕ್ಷದ ತನಕ ಟ್ಯಾಕ್ಸ್ ಇಲ್ಲ ಅಂದ್ರಲ್ಲ ಸರ್, ಮತ್ತೆ ನನಗ್ಯಾಕೆ ಬಂತು?"

ಈ ತಿಂಗಳು ಇದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಉತ್ತರ ಸಣ್ಣದು. ಆ 12 ಲಕ್ಷ 2025ರ ಏಪ್ರಿಲ್ 1ರಿಂದ ಬರುವ ಆದಾಯಕ್ಕೆ. ಈಗ ನಾವು ಹಾಕುತ್ತಿರುವುದು 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ರಿಟರ್ನ್. ಆ ವರ್ಷಕ್ಕೆ ಹೊಸ ಪದ್ಧತಿಯಲ್ಲಿ ಪೂರ್ತಿ ರಿಯಾಯಿತಿ ಸಿಗುವುದು 7 ಲಕ್ಷದ ತನಕ.

ಸಂಬಳ 10 ಲಕ್ಷ ಇರುವವರ ಲೆಕ್ಕ ನೋಡಿ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 9,25,000. ಮೊದಲ 3 ಲಕ್ಷಕ್ಕೆ ಏನೂ ಇಲ್ಲ. 3ರಿಂದ 7 ಲಕ್ಷಕ್ಕೆ ಶೇಕಡ 5, ಅಂದರೆ 20,000. ಉಳಿದ 2,25,000ಕ್ಕೆ ಶೇಕಡ 10, ಅಂದರೆ 22,500. ಮೇಲೆ ಶೇಕಡ 4 ಸೆಸ್. ಒಟ್ಟು 44,200. ಇಷ್ಟೇ ಸಂಬಳಕ್ಕೆ ಮುಂದಿನ ವರ್ಷ ಸೊನ್ನೆ. ಬೇಜಾರಾಗುತ್ತದೆ, ಗೊತ್ತು.

ಫಾರ್ಮ್ 16 ಕೊಡಲು ಕಂಪನಿಗಳಿಗಿದ್ದ ಗಡುವು ಜೂನ್ 15ಕ್ಕೆ ಮುಗಿದಿದೆ. ಇನ್ನೂ ಕೈಗೆ ಬಂದಿಲ್ಲದಿದ್ದರೆ ಅಕೌಂಟ್ಸ್‌ನವರನ್ನು ಕೇಳಿ. ಸಿಕ್ಕ ಮೇಲೆ incometax.gov.in ಗೆ ಹೋಗಿ ನಿಮ್ಮ 26ಎಎಸ್ ಮತ್ತು ಎಐಎಸ್ ಎರಡನ್ನೂ ಇಳಿಸಿಕೊಳ್ಳಿ. 26ಎಎಸ್ ಅಂದರೆ ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ. ಎಐಎಸ್ ಅಂದರೆ ನಿಮ್ಮ ಬಗ್ಗೆ ಇಲಾಖೆಗೆ ಏನೇನು ಗೊತ್ತು ಅನ್ನುವ ಪಟ್ಟಿ. ಸಹಕಾರಿ ಬ್ಯಾಂಕಿನ ಎಫ್‌ಡಿ ಬಡ್ಡಿ, ಮಾರಿದ ಸೈಟು, ಮ್ಯೂಚುವಲ್ ಫಂಡು, ಉಳಿತಾಯ ಖಾತೆಗೆ ವರ್ಷದಲ್ಲಿ ಕಟ್ಟಿದ 10 ಲಕ್ಷ ನಗದು, ಎಲ್ಲ ಅಲ್ಲಿರುತ್ತದೆ. ಹೊಸಬರು ಯಾರೇ ಬಂದರೂ ನಾನು ಮೊದಲು ತೆಗೆಯುವುದು ಅದನ್ನೇ, ಅವರು ತಂದ ಫೈಲನ್ನಲ್ಲ.

ಪೋಸ್ಟ್ 3 | ಜುಲೈ 5

ಇದು ಅಡಿಕೆ, ಮೆಕ್ಕೆಜೋಳ, ಭತ್ತದವರಿಗೆ. ಸ್ವಲ್ಪ ಉದ್ದ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ತಪ್ಪು ಜಾಸ್ತಿ ಆಗುವುದೇ ಇಲ್ಲಿ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಸರಿ. ಬರೀ ಹೊಲ, ತೋಟ ಇದ್ದು ಬೇರೆ ಆದಾಯ ಇಲ್ಲದವರು ಈ ಪೋಸ್ಟ್ ಬಿಟ್ಟು ಮುಂದೆ ಹೋಗಬಹುದು. ಆದರೆ ಚನ್ನಗಿರಿ ಕಡೆ ತೋಟ, ದಾವಣಗೆರೆಯಲ್ಲಿ ನೌಕರಿ, ಹೀಗಿರುವವರು ನಮ್ಮಲ್ಲಿ ಎಷ್ಟು ಜನ! ಅವರ ಕಥೆ ಬೇರೆ.

ಮೊನ್ನೆ ಒಬ್ಬ ಮೇಷ್ಟ್ರು ಬಂದಿದ್ದರು. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಸಂಬಳದ ಆದಾಯ 8 ಲಕ್ಷ. ಅಡಿಕೆಯಿಂದ ಖರ್ಚು ಕಳೆದು 4 ಲಕ್ಷ. ಸೆಸ್ ಬಿಟ್ಟು 30,000 ತೆರಿಗೆ ಅಂತ ಅವರೇ ಲೆಕ್ಕ ಹಾಕಿಕೊಂಡು ಬಂದಿದ್ದರು. ನಾನು ಹಾಕಿದೆ, 60,000 ಬಂತು. ಅವರ ಮುಖ ನೋಡಬೇಕಿತ್ತು.

ಆಗಿದ್ದು ಇಷ್ಟು. ಅಡಿಕೆ ದುಡ್ಡಿಗೆ ತೆರಿಗೆ ಇಲ್ಲ. ಆದರೆ ಕೃಷಿ ಆದಾಯ 5,000 ದಾಟಿದರೆ, ಮತ್ತು ಉಳಿದ ಆದಾಯ ತೆರಿಗೆ ಇಲ್ಲದ ಕನಿಷ್ಠ ಮಿತಿ ದಾಟಿದ್ದರೆ, ಸಂಬಳಕ್ಕೆ ಯಾವ ದರ ಅಂತ ನೋಡಲು ಅದನ್ನೂ ಸೇರಿಸಬೇಕು. ಮೊದಲು ಎರಡೂ ಸೇರಿಸಿ 12 ಲಕ್ಷಕ್ಕೆ ತೆರಿಗೆ ಹಾಕಿ: 80,000. ಆಮೇಲೆ ಕೃಷಿಯ 4 ಲಕ್ಷಕ್ಕೆ ಕನಿಷ್ಠ ಮಿತಿ 3 ಲಕ್ಷ ಸೇರಿಸಿ, 7 ಲಕ್ಷಕ್ಕೆ ಹಾಕಿ: 20,000. ಕಳೆದರೆ ಉಳಿಯುವುದು 60,000.

"ಹಾಗಾದ್ರೆ ಅಡಿಕೆ ಬರೆಯೋದೇ ಬೇಡ ಬಿಡ್ರಿ" ಅಂದರು ಮೇಷ್ಟ್ರು. ಅಲ್ಲೇ ಕುಳಿತು ಅವರ ಎಐಎಸ್ ತೆಗೆದೆ. ಖಾತೆಗೆ ಕಟ್ಟಿದ ನಗದು ಕಣ್ಣಿಗೆ ರಾಚುವ ಹಾಗಿತ್ತು. ಕೃಷಿ ಆದಾಯ ಅಂತ ತೋರಿಸದಿದ್ದರೆ ನಾಳೆ "ಈ ದುಡ್ಡು ಎಲ್ಲಿಂದ ಬಂತು" ಅನ್ನುವ ಪ್ರಶ್ನೆಗೆ ಏನು ಹೇಳುತ್ತೀರಿ? ಪಹಣಿ, ದಲಾಲಿ ಅಂಗಡಿಯ ಪಟ್ಟಿ, ಗೊಬ್ಬರ ಮತ್ತು ಕೂಲಿಯ ಲೆಕ್ಕ ಇಟ್ಟುಕೊಳ್ಳಿ. ಚೀಟಿ ಹರಿದಿದ್ದರೂ ಪರವಾಗಿಲ್ಲ, ಎಸೆಯಬೇಡಿ. ಇನ್ನೊಂದು, ಕೃಷಿ ಆದಾಯ 5,000 ದಾಟಿದವರು ಐಟಿಆರ್-1 ಹಾಕುವ ಹಾಗಿಲ್ಲ. ನೌಕರಿಯ ಜೊತೆ ತೋಟ ಇದ್ದರೆ ಐಟಿಆರ್-2.

ಹೊಲ ಮಾರಿದವರಿಗೂ ಒಂದು ಮಾತು. ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಆದರೆ ಜನಸಂಖ್ಯೆ 1 ಲಕ್ಷದಿಂದ 10 ಲಕ್ಷದೊಳಗಿನ ಊರಿನ ಗಡಿಯಿಂದ 6 ಕಿಲೋಮೀಟರ್ ಒಳಗಿನ ಜಮೀನು ಕಾನೂನಿನ ಕಣ್ಣಿಗೆ ಹಳ್ಳಿಯದ್ದಲ್ಲ. ದಾವಣಗೆರೆ ಇದೇ ಲೆಕ್ಕಕ್ಕೆ ಬರುತ್ತದೆ. 6 ಕಿಲೋಮೀಟರ್ ಅಳೆಯುವುದು ನೇರ ಗೆರೆಯಲ್ಲಿ, ಬೈಕಿನ ಮೀಟರ್‌ನಲ್ಲಲ್ಲ. ಊರಿನ ಸುತ್ತ ಲೇಔಟ್‌ಗೆ ಜಮೀನು ಕೊಟ್ಟವರು ದುಡ್ಡು ಖರ್ಚು ಮಾಡುವ ಮೊದಲು ಯಾರನ್ನಾದರೂ ಕೇಳಿ.

ಪೋಸ್ಟ್ 4 | ಜುಲೈ 21

"ಅವರು 60,000 ರಿಫಂಡ್ ಕೊಡಿಸ್ತಾರಂತೆ, ನಿಮ್ಮಿಂದ ಯಾಕಾಗಲ್ಲ?"

ಆಗಲ್ಲ. ಕಟ್ಟದ ಮನೆ ಬಾಡಿಗೆ, ಕೊಡದ ದೇಣಿಗೆ, ಇಲ್ಲದ ಪಾಲಿಸಿ ಬರೆದು ರಿಫಂಡ್ ತೆಗೆಯುವುದು ಕಷ್ಟದ ಕೆಲಸವೇನಲ್ಲ. ಜುಲೈ 14ಕ್ಕೆ ಇಂಥ ಸುಳ್ಳು ಕ್ಲೇಮ್‌ಗಳ ಮೇಲೆ ಇಲಾಖೆ ದೇಶದ 150 ಕಡೆ ಶೋಧ ಮಾಡಿದೆ. ಸಿಕ್ಕಿಬಿದ್ದರೆ ದಂಡ ತೆರಿಗೆಯ ಶೇಕಡ 200ರ ತನಕ. ನೋಟಿಸ್ ಬರುವುದು ನಿಮ್ಮ ಪಾನ್‌ಗೆ. ರಿಫಂಡಿನಲ್ಲಿ ಪರ್ಸೆಂಟೇಜ್ ಕೇಳುವವರ ಹತ್ತಿರ ಹೋಗಬೇಡಿ. ಇಷ್ಟೇ.

ಪೋಸ್ಟ್ 5 | ಆಗಸ್ಟ್ 9

ಅಂಗಡಿಯವರಿಗೆ. ಬಟ್ಟೆ, ಕಿರಾಣಿ, ಹಾರ್ಡ್‌ವೇರ್, ಬೆಣ್ಣೆ ದೋಸೆ ಹೋಟೆಲು, ಯಾವುದೇ ಇರಲಿ.

ವಹಿವಾಟು 2 ಕೋಟಿ ಒಳಗಿದ್ದರೆ 44ಎಡಿ ಪ್ರಕಾರ ಲೆಕ್ಕಪುಸ್ತಕದ ತಲೆನೋವಿಲ್ಲದೆ ರಿಟರ್ನ್ ಹಾಕಬಹುದು. ನಗದು ಶೇಕಡ 5ರೊಳಗಿದ್ದರೆ 3 ಕೋಟಿ ತನಕ. ಬ್ಯಾಂಕ್, ಯುಪಿಐ ಮೂಲಕ ಬಂದಿದ್ದಕ್ಕೆ ಶೇಕಡ 6, ನಗದಿಗೆ ಶೇಕಡ 8 ಲಾಭ ಅಂತ ತೋರಿಸಿದರೆ ಸಾಕು. ವರ್ಷಕ್ಕೆ 90 ಲಕ್ಷ ವ್ಯಾಪಾರ ಅನ್ನಿ. 60 ಲಕ್ಷ ಫೋನ್‌ನಲ್ಲಿ ಬಂತು, ಲಾಭ 3,60,000. 30 ಲಕ್ಷ ಗಲ್ಲಕ್ಕೆ ಬಂತು, ಲಾಭ 2,40,000. ಒಟ್ಟು 6 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ.

ಸೊನ್ನೆ ಅಂತ ರಿಟರ್ನ್ ಬಿಡುವ ಹಾಗಿಲ್ಲ. ರಿಯಾಯಿತಿಗೆ ಮೊದಲಿನ ಆದಾಯ 3 ಲಕ್ಷ ದಾಟಿದೆ, ವಹಿವಾಟು 60 ಲಕ್ಷ ದಾಟಿದೆ, ಎರಡಕ್ಕೂ ರಿಟರ್ನ್ ಕಡ್ಡಾಯ. ನಾಳೆ ಬ್ಯಾಂಕಿಗೆ ಸಾಲಕ್ಕೆ ಹೋದರೆ ಮೊದಲು ಕೇಳುವುದೂ ಅದನ್ನೇ. ಮಗಳ ಎಜುಕೇಶನ್ ಲೋನ್ ಅರ್ಜಿ ಕೈಯಲ್ಲಿ ಹಿಡಿದು "ಮೂರು ವರ್ಷದ್ದು ಇವತ್ತೇ ಮಾಡಿಕೊಡಿ" ಅಂತ ಬರುವವರನ್ನು ನೋಡಿದರೆ ಪಾಪ ಅನಿಸುತ್ತದೆ.

ಪೋಸ್ಟ್ 6 | ಸೆಪ್ಟೆಂಬರ್ 8

ಗಣಪತಿ ಹಬ್ಬ ಮುಗಿಯಿತು. ಮಂಡಿಪೇಟೆಯವರು ಇನ್ನೂ ಬಂದಿಲ್ಲ. ಇನ್ನು ಏಳು ದಿನ.

15 ದಾಟಿದರೆ ಲೇಟ್ ಫೀ 5,000, ಆದಾಯ 5 ಲಕ್ಷದೊಳಗಿದ್ದರೆ 1,000. ಬಾಕಿ ತೆರಿಗೆ ಇದ್ದರೆ ತಿಂಗಳಿಗೆ ಇನ್ನೂ ಶೇಕಡ 1 ಬಡ್ಡಿ. ಇದೆಲ್ಲ ಕಟ್ಟಿ ಮುಗಿಸಬಹುದು. ನಿಜವಾದ ಪೆಟ್ಟು ಬೇರೆ ಕಡೆ. ತಡವಾದ ರಿಟರ್ನ್‌ನಲ್ಲಿ ಹಳೇ ಪದ್ಧತಿ ಸಿಗುವುದಿಲ್ಲ. ಸ್ವಂತ ಮನೆಯ ಸಾಲದ ಬಡ್ಡಿ 2 ಲಕ್ಷ, 80ಸಿ ಒಂದೂವರೆ ಲಕ್ಷ ಅಂತ ನಂಬಿಕೊಂಡವರಿಗೆ ಅದಷ್ಟೂ ಹೋಯಿತು. ಷೇರಿನಲ್ಲಿ, ವ್ಯಾಪಾರದಲ್ಲಿ ಆದ ನಷ್ಟವನ್ನೂ ಮುಂದಕ್ಕೆ ಒಯ್ಯುವ ಹಾಗಿಲ್ಲ.

ವ್ಯಾಪಾರ ಇದ್ದು ಹಳೇ ಪದ್ಧತಿ ಬೇಕೆನ್ನುವವರು ಫಾರ್ಮ್ 10-ಐಇಎ ಕೂಡ ಈ ದಿನದೊಳಗೇ ಹಾಕಬೇಕು. ಅದೇ 15ಕ್ಕೆ ಅಡ್ವಾನ್ಸ್ ಟ್ಯಾಕ್ಸಿನ ಎರಡನೇ ಕಂತೂ ಇದೆ. ಈಗ ನಡೆಯುತ್ತಿರುವ ವರ್ಷದ ತೆರಿಗೆಯಲ್ಲಿ ಒಟ್ಟು ಶೇಕಡ 45 ಕಟ್ಟಿ ಆಗಿರಬೇಕು. 44ಎಡಿಯವರಿಗಾದರೆ ಮಾರ್ಚ್ 15ರೊಳಗೆ ಒಂದೇ ಸಲ.

ಈ ವಾರ ಆಫೀಸು ರಾತ್ರಿ 10ರ ತನಕ ತೆರೆದಿರುತ್ತದೆ. ಮಂಡಕ್ಕಿ, ಮೆಣಸಿನಕಾಯಿ ಮೇಲೆ ನಮ್ಮ ಹುಡುಗರ ಜೀವನ.

ಪೋಸ್ಟ್ 7 | ಸೆಪ್ಟೆಂಬರ್ 17

15ರ ರಾತ್ರಿ ಮಲಗುವ ಹೊತ್ತಿಗೆ ಒಂದು ದಿನ ಮುಂದಕ್ಕೆ ಹಾಕಿದರು. ನಿನ್ನೆ 16, ಅದೂ ಮುಗಿಯಿತು. ಮಂಡಿಪೇಟೆಯವರು ನಿನ್ನೆ ಮಧ್ಯಾಹ್ನ ಮೂರಕ್ಕೆ ಬಂದರು, ಏಳಕ್ಕೆ ರಿಟರ್ನ್ ಹೋಯಿತು. ಬಡ್ಡಿ ನೋಡಿ "ಜೂನ್‌ನಲ್ಲೇ ಹೇಳಿದ್ರಿ ಬಿಡ್ರಿ" ಅಂದರು.

ಹಾಕಿದವರಿಗೆ ಕೆಲಸ ಇನ್ನೂ ಒಂದಿದೆ. 30 ದಿನದೊಳಗೆ ಇ-ವೆರಿಫೈ ಮಾಡಿ. ಆಧಾರ್‌ಗೆ ಜೋಡಿಸಿದ ಫೋನ್‌ಗೆ ಒಟಿಪಿ ಬರುತ್ತದೆ, ಎರಡು ನಿಮಿಷದ ಕೆಲಸ. ಮಾಡದಿದ್ದರೆ ನಿನ್ನೆ ಹಾಕಿದ್ದು ನಿನ್ನೆ ಹಾಕಿದಂತಲ್ಲ.

ಹಾಕದವರಿಗೆ ಡಿಸೆಂಬರ್ 31ರ ತನಕ ದಾರಿ ಇದೆ. ರಿಫಂಡ್ ಬರಬೇಕಾದವರು ಇದನ್ನು ಗಟ್ಟಿಯಾಗಿ ನೆನಪಿಡಿ. ಬಿಡಿಎಸ್ ಮುಗಿಸಿದ ಒಬ್ಬ ಹುಡುಗಿ ಮೊನ್ನೆ ಬಂದಿದ್ದಳು. ಕ್ಲಿನಿಕ್‌ನಿಂದ ವರ್ಷಕ್ಕೆ 4,80,000 ಫೀ, ಅದರಲ್ಲಿ ಶೇಕಡ 10 ಟಿಡಿಎಸ್ ಅಂತ 48,000 ಹಿಡಿದಿದ್ದರು. "ನನಗೆ ಟ್ಯಾಕ್ಸ್ ಬರಲ್ಲ ಸರ್, ಅದಕ್ಕೆ ರಿಟರ್ನ್ ಹಾಕಲ್ಲ" ಅಂದಳು. ವೈದ್ಯರಂಥ ವೃತ್ತಿಯವರಿಗಿರುವ 44ಎಡಿಎ ಪ್ರಕಾರ ಅರ್ಧ ಲಾಭ ಅಂದರೂ 2,40,000. ತೆರಿಗೆ ಇಲ್ಲ ನಿಜ. ರಿಟರ್ನ್ ಹಾಕದಿದ್ದರೆ ಆ 48,000 ವಾಪಸ್ ಬರುವುದೂ ಇಲ್ಲ. ಡಿಸೆಂಬರ್ 31 ದಾಟಿದ ಮೇಲೆ ಹಾಕುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರಿಫಂಡ್ ಕೇಳುವ ಹಾಗಿಲ್ಲ. ಆಮೇಲೆ ತಡವಾಗಿದ್ದನ್ನು ಮನ್ನಿಸಿ ಅಂತ ಅರ್ಜಿ ಹಾಕಿ ಕಾಯಬೇಕು.

ನಿನ್ನೆ ಅವಳದ್ದೂ ಹೋಯಿತು. ಜೊತೆಗೆ ಕೆಲಸ ಮಾಡುವ ಇನ್ನೂ ಮೂವರಿಗೆ ಇದೇ ಕಥೆಯಂತೆ, ಶನಿವಾರ ಕರೆದುಕೊಂಡು ಬರುತ್ತಾಳಂತೆ. ಎಐಎಸ್ ಇಳಿಸಿಕೊಂಡು ಬರಲು ಹೇಳಿದ್ದೇನೆ.

ಆಡಿಟ್ ಇರುವವರೇ, ನಿಮ್ಮ ವರದಿಗೆ ಸೆಪ್ಟೆಂಬರ್ 30. ನಾಳೆಯಿಂದ ನಿಮ್ಮ ಸರದಿ. ಸ್ಟಾಕ್ ಪಟ್ಟಿ ಕಳಿಸಿ.