ಕೋಡಿ ಹಳ್ಳದ ಪಿಐಎಲ್: ಆರ್ಡರಲ್ಲಿ ಏನಿದೆ

ನಮ್ಮ ಹಳ್ಳಕ್ಕೆ ರೆಸಾರ್ಟಗಳ ಕೊಳಚೆ ಬಿಡ್ತಾರೆ ಅಂತ ಹಾಕಿದ್ದ ಪಿಐಎಲ್‌ಗೆ ಧಾರವಾಡ ಹೈಕೋರ್ಟ್ ಪೀಠದ ಮಧ್ಯಂತರ ಆದೇಶ ಕೈಗೆ ಬಂತು, ಹದಿನಾಲ್ಕು ಪುಟ, ಬೇಕಾದ್ದಷ್ಟೇ ಹೇಳ್ತೆ. ಕೇಸ್ ಇನ್ನೂ ಮುಗಿದಿಲ್ಲ.

ದೊಡ್ಡ ಕೆಲ್ಸ ಮಾಲಿನ್ಯ ನಿಯಂತ್ರಣ ಮಂಡಳಿದು. 15 ದಿನದೊಳಗೆ ಮೂರು ಕಡೆ ನೀರಿನ ಸ್ಯಾಂಪಲ್ ತೆಗೀಬೇಕು, ಇಳಿತದ ಟೈಮಲ್ಲೇ, ಅರ್ಜಿದಾರರ ಎದುರಿಗೆ (ಭರತದಲ್ಲಿ ತೆಗೆದ್ರೆ ಸಮುದ್ರದ ನೀರು ಸೇರಿ ಎಲ್ಲಾ ಚೊಕ್ಕ ಕಾಣ್ತದೆ, ಆ ಬಳಚು ಆರಿಸೋ ಹೆಂಗಸ್ರು ಕೊಟ್ಟ ಅಫಿಡವಿಟ್ಟಿಂದ್ಲೇ ಈ ಮಾತು ಬಂದಿದ್ದು), ರಿಪೋರ್ಟ್ 4 ವಾರದಲ್ಲಿ ಕೋರ್ಟಿಗೆ. ತಪ್ಪು ಕಂಡ್ರೆ 1974ರ ಜಲ ಕಾಯ್ದೆ 33ಎ ಕಲಂ ಪ್ರಕಾರ ನೋಟಿಸ್ ಕೊಟ್ಟು ಕ್ರಮ, ಅಂದ್ರೆ ಕರೆಂಟ್ ಕಟ್ ಮಾಡ್ಸೋದು, ಬಂದ್ ಮಾಡ್ಸೋದು ಎರಡೂ ಆಗ್ಬಹುದು.

ಪಂಚಾಯ್ತಿ 30 ದಿನದಲ್ಲಿ ಹಳ್ಳಕ್ಕೆ ಬಿಟ್ಟ ಪೈಪೆಲ್ಲ ಪಟ್ಟಿ ಮಾಡಿ ಫೋಟೋ ಸಮೇತ ತಾಲೂಕು ಪಂಚಾಯ್ತಿ ಇಓಗೆ ಕೊಡ್ಬೇಕು. ಜಿಲ್ಲಾಧಿಕಾರಿಗಳು ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಪ್ರಗತಿ ವರದಿ, 8 ವಾರಕ್ಕೆ ಅಫಿಡವಿಟ್. ಕೊಡದಿದ್ರೆ ಖುದ್ದು ಹಾಜರಾಗ್ಬೇಕಂತೆ, ನಂಗೆ ಇದೇ ಗಟ್ಟಿ ಮಾತು ಅನ್ಸಿದ್ದು.

ಪರಿಹಾರದ ಬಗ್ಗೆ ಈಗ ಒಂದಕ್ಷರ ಇಲ್ಲ, ಮುಂದಿನ ಹಿಯರಿಂಗಿಗೆ ಬಿಟ್ಟಿದಾರೆ. ಸ್ಯಾಂಪಲ್ ದಿನ ಮಂಡಳಿಯವ್ರು ತಿಳಿಸಿದ ಕೂಡ್ಲೆ ಹೇಳ್ತೆ, ಆ ದಿನ ದೋಣಿಯವ್ರು ಇಬ್ರಾದ್ರೂ ಬನ್ನಿ.